ಮ್ಯಾಟ್ ಕಪ್ಪು, ಹೈ ಕಾಂಟ್ರಾಸ್ಟ್: ಎರಡನ್ನೂ ಒಂದೇ ಗ್ರೇಡಿನಲ್ಲಿ ತರುವುದು

ಪ್ರಶ್ನೆ: "ಕೈಗಡಿಯಾರದ ಜಾಹೀರಾತಿಗೆ ಕ್ಲೈಂಟ್ ಮ್ಯೂಟೆಡ್ ಟೀಲ್, ಫೇಡೆಡ್ ಮ್ಯಾಟ್, ಹೈ ಕಾಂಟ್ರಾಸ್ಟ್ ಮೂರೂ ಬೇಕೆನ್ನುತ್ತಾರೆ. ಮ್ಯಾಟ್ ಮಾಡಿದರೆ ಕಾಂಟ್ರಾಸ್ಟ್ ಸಾಯುತ್ತದೆ. ಡಯಲ್ ಕಪ್ಪು, ಪಟ್ಟಿ ಕಂದು ಚರ್ಮದ್ದು. ಏನು ಮಾಡಲಿ?"

ಮ್ಯಾಟ್ ನೋಟ ಹುಟ್ಟುವುದು ಕರ್ವಿನ ಬುಡದಲ್ಲಿ, ಕಾಂಟ್ರಾಸ್ಟ್ ಹೆಚ್ಚಾಗಿ ಕಣ್ಣಿಗೆ ಬೀಳುವುದು ಅದರ ನಡುಭಾಗದಲ್ಲಿ. ಆದ್ದರಿಂದ ಎರಡೂ ಒಟ್ಟಿಗೆ ಇರಬಲ್ಲವು. ಲಾಗ್ ಚಿತ್ರೀಕರಣವನ್ನು ಮೊದಲು Rec.709ಗೆ ತಂದು, ಎಲ್ಲ ಶಾಟ್‌ಗಳ ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಸರಿಹೊಂದಿಸಿಕೊಳ್ಳಿ. ಆಮೇಲೆ ಡಾವಿಂಚಿ ರಿಸಾಲ್ವ್‌ನ ವೇವ್‌ಫಾರ್ಮಿನ 0–1023 ಮಾಪಕದಲ್ಲಿ ಅತಿ ಕಪ್ಪು ಭಾಗ ಸುಮಾರು 60ರಿಂದ 80ರ ನಡುವೆ ನಿಲ್ಲುವಂತೆ ಕರ್ವಿನ ಎಡತುದಿಯನ್ನು ಎತ್ತಿ, ಅದರ ಪಕ್ಕದಲ್ಲೇ ಇನ್ನೊಂದು ಬಿಂದುವನ್ನಿಟ್ಟು ಕೆಳಕ್ಕೆಳೆದು, ಅಲ್ಲಿಂದ ನಡುಭಾಗ ಕಡಿದಾಗಿ ಏರುವಂತೆ ಮಾಡಿ. ಈ ಎರಡನೆಯ ಬಿಂದುವನ್ನು ಇಡದಿದ್ದರೆ ನೆರಳಿನ ಜೊತೆಗೆ ಇಡೀ ಚಿತ್ರವೇ ಮೇಲೇರಿ, ಮಂಜು ಕವಿದಂತೆ ಕಾಣುತ್ತದೆ. ಇದೇ ಪ್ರಶ್ನೆಗೆ ಗುಂಪಿನಲ್ಲಿ ಒಬ್ಬರು ತಮ್ಮ ಮದುವೆ ವಿಡಿಯೋದ LUT ಹಾಕಿ ನೋಡಿ ಎಂದಿದ್ದಾರೆ. ಅವರು ಹಾಕಿರುವ ಚಿತ್ರಗಳಲ್ಲಿ ನಡುಭಾಗವೂ ಚಪ್ಪಟೆಯಾಗಿದೆ; ಮದುವೆಗೆ ಅದು ಒಪ್ಪಬಹುದು, ಲೋಹದ ಹೊಳಪೇ ಮುಖ್ಯವಾದ ಕಡೆ ಒಪ್ಪುವುದಿಲ್ಲ.

ಸ್ಯಾಚುರೇಶನ್ ಇಳಿಸಿದರೆ ಟೀಲ್ ಮ್ಯೂಟೆಡ್ ಆಗುತ್ತದೆ ಎಂಬ ಇನ್ನೊಬ್ಬರ ಮಾತು ಅರ್ಧ ಸರಿ. ಒಟ್ಟಾರೆ ಇಳಿಸಿದರೆ ಕೈಯ ಚರ್ಮವೂ ಪಟ್ಟಿಯ ಕಂದೂ ಬೂದಿಗೆ ತಿರುಗುತ್ತವೆ. ಬಣ್ಣದ ಚಕ್ರದಲ್ಲಿ ಅವು ಟೀಲ್‌ಗೆ ಎದುರಾಗಿರುವುದರಿಂದಲೇ ಈ ನೋಟಕ್ಕೆ ಜೀವ ಬರುವುದು. ಟೀಲ್ ಅನ್ನು ನೆರಳಿಗೆ ಮತ್ತು ಹಿನ್ನೆಲೆಗೆ ಮಾತ್ರ ಸ್ವಲ್ಪ ಸೇರಿಸಿ, ಕೈಯ ಚರ್ಮವನ್ನು ಕ್ವಾಲಿಫೈಯರ್ ಬಳಸಿ ಅದರಿಂದ ಹೊರಗಿಡಿ. ವೆಕ್ಟರ್‌ಸ್ಕೋಪಿನಲ್ಲಿ ಕೈಯ ಚರ್ಮದ ಗುಚ್ಛ ಸ್ಕಿನ್ ಟೋನ್ ರೇಖೆಯಿಂದ ಹಸಿರಿನ ಕಡೆಗೆ ವಾಲಿದರೆ ಟೀಲ್ ಅತಿಯಾಗಿದೆಯೆಂದೇ ತಿಳಿಯಿರಿ. ಉಕ್ಕಿನ ಅಂಚು, ಡಯಲಿನ ಬಿಳಿ ಅಂಕಿಗಳು ನೀಲಿಗಟ್ಟಿದರೆ Lum vs Sat ಕರ್ವಿನಲ್ಲಿ ಬೆಳಕಿನ ತುದಿಯನ್ನು ಇಳಿಸಿ.

ನಿಜವಾದ ತೊಡಕಿರುವುದು ಕಪ್ಪು ಡಯಲಿನಲ್ಲಿ. ಬುಡ ಎತ್ತಿದೊಡನೆ ಅದು ಮಾಸಿದ ಬೂದಿಯಾಗಿ, ಸರಕೇ ಹಳೆಯದೆನ್ನಿಸುತ್ತದೆ. ಡಯಲಿಗೆ ವಿಂಡೋ ಹಾಕಿ ಟ್ರ್ಯಾಕ್ ಮಾಡಿ, ಅಲ್ಲಿ ಮಾತ್ರ ಕಪ್ಪನ್ನು 30ರ ಸುಮಾರಿಗೆ ಇಳಿಸಬಹುದು. ಇನ್ನೂ ಇಳಿಸಿದರೆ ಸುತ್ತಲಿನ ಎತ್ತಿದ ನೆರಳಿನ ನಡುವೆ ಡಯಲ್ ಅಂಟಿಸಿದಂತೆ ಕಾಣತೊಡಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ರುಚಿಯ ಮಾತು. ಈ ಗುಂಪಿನ ಹಿರಿಯ ಕಲರಿಸ್ಟರೊಬ್ಬರು ಡಯಲನ್ನು ಮುಟ್ಟಲೇಬಾರದು ಎನ್ನುತ್ತಾರೆ, ನಾನು ಅದನ್ನು ಒಪ್ಪುವುದಿಲ್ಲ.

ಚಿತ್ರೀಕರಣ 8 ಬಿಟ್ಟಿನಲ್ಲಿ ಆಗಿದೆಯೇ ಎಂಬುದನ್ನು ನೀವು ತಿಳಿಸಿಲ್ಲ. ಹಾಗಿದ್ದಲ್ಲಿ ನೆರಳು ಎತ್ತಿದಾಗ ಹಿನ್ನೆಲೆಯಲ್ಲಿ ಪಟ್ಟೆಗಳು ಏಳುವ ಸಾಧ್ಯತೆಯಿರುವುದರಿಂದ, ಬುಡವನ್ನು 40ಕ್ಕೇ ನಿಲ್ಲಿಸಿ, ಸಣ್ಣ ಗ್ರೇನ್ ಸೇರಿಸಿ ನೋಡಿ.