ಉರುಕ್‌ನ ಬಟ್ಟಲು ತೋರಿಸಿ

“ಧಾನ್ಯ ಉಳೀತು, ಕುಶಲಕರ್ಮಿಗಳು ಬಂದರು, ನಗರ ಆಯ್ತು ಅಂತ ಪಾಠದಲ್ಲಿದೆ. ಮಧ್ಯೆ ಏನಾಯ್ತು ಅಂತ ಮಕ್ಕಳಿಗೆ ಹೇಗೆ ಹೇಳಲಿ?”

ಬಹುಶಃ ಹಂಚಿಕೆಯ ಕೊಂಡಿ ತಪ್ಪಿಹೋಗಿದೆ. ಧಾನ್ಯ ಸುಮ್ನೆ ಉಳಿದರೆ ಸಾಲದು, ಅದನ್ನು ಸೇರಿಸಿ ಅಳೆದು ಕೊಡುವವರು ಬೇಕಲ್ವಾ?

ಇರಾಕಿನ ಪ್ರಾಚೀನ ನಗರ ಉರುಕ್‌ನಿಂದ ಶುರು ಮಾಡಿ. ಮೊದಲು, ಕಾಲುವೆ ನೀರಿನಲ್ಲಿ ಬೆಳೆದ ಬಾರ್ಲಿ ಉಗ್ರಾಣ ಸೇರುತ್ತದೆ. ಆಮೇಲೆ, ಹೊಲ ಉಳದ ನೇಕಾರರಿಗೆ, ಕುಂಬಾರರಿಗೆ ಅಲ್ಲಿಂದಲೇ ಪಡಿ. ಪಡಿ ಪಡೆಯುವವರು ಜಾಸ್ತಿಯಾದಾಗ ನೆನಪು ಸಾಲದು, ಬರವಣಿಗೆ ಬೇಕು. ಕ್ರಿ.ಪೂ. 3300ರ ಸುಮಾರಿನ ಮಣ್ಣಿನ ಹಲಗೆಗಳಲ್ಲಿ ಹೆಚ್ಚಿನವು ಇಂಥ ಲೆಕ್ಕಗಳೇ. ಮನುಷ್ಯನ ತಲೆ, ಬಾಯಿಯ ಹತ್ತಿರ ಬಟ್ಟಲು: ಪಡಿಯ ಗುರುತು ಇದು.

ಅಲ್ಲಿ ಅಂಥ ಒರಟು ಬಟ್ಟಲುಗಳು ರಾಶಿರಾಶಿಯಾಗಿ ಸಿಕ್ಕಿವೆ. ಅವು ಪಡಿ ಅಳೆಯಲಿಕ್ಕೋ ರೊಟ್ಟಿ ಬೇಯಿಸುವ ಅಚ್ಚೋ ಎಂಬ ಚರ್ಚೆ ಇನ್ನೂ ಇದೆ. ಆ ಗುರುತನ್ನು ಬೋರ್ಡಿನ ಮೇಲೆ ಬರೆದು, “ಇದರ ಅರ್ಥವೇನು?” ಅಂತ ಕೇಳಿ.