ಫೋನಲ್ಲಿ ವಿಪಿಎನ್: ಗೂಡಿನ ಜಾಗ ಮುಚ್ಚುತ್ತಾ, ಬ್ಯಾಟರಿ ಎಷ್ಟು ತಿನ್ನುತ್ತೆ

«ಹಕ್ಕಿ ಫೋಟೋಗೆ ಹೋದಾಗ ಲಾಡ್ಜ್ ವೈಫೈನಲ್ಲೇ ಅಪ್ಲೋಡ್ ಮಾಡ್ತೀನಿ. ಗೂಡಿನ ಜಾಗ ಯಾರಿಗೂ ಗೊತ್ತಾಗಬಾರ್ದು ಅಂತ ಫ್ರೆಂಡ್ ಒಬ್ರು ಅವರ ಸರ್ವರ್‌ದು ವೈರ್‌ಗಾರ್ಡ್ ಅನ್ನೋ ವಿಪಿಎನ್ ಫೈಲ್ ಕೊಟ್ಟಿದ್ದಾರೆ. ಆಂಡ್ರಾಯ್ಡ್ ಫೋನಿಗೆ ಹೇಗೆ ಹಾಕೋದು? ರಾತ್ರಿಯಿಡೀ ಆನ್ ಇಟ್ರೆ ಬ್ಯಾಟರಿ ಉಳಿಯುತ್ತಾ?»

ಮೇಡಂ, ಮೊದ್ಲು ಗೂಡಿನ ವಿಷ್ಯ ಹೇಳ್ಬಿಡ್ತೀನಿ, ಯಾಕಂದ್ರೆ ಅದಕ್ಕೂ ವಿಪಿಎನ್‌ಗೂ ಸಂಬಂಧಾನೇ ಇಲ್ಲ. ಕ್ಯಾಮೆರಾ ಆಪಲ್ಲಿ ಲೊಕೇಶನ್ ಆನ್ ಇದ್ರೆ ಫೋಟೋ ಫೈಲ್ ಒಳಗೇ ಅಕ್ಷಾಂಶ ರೇಖಾಂಶ ಬರ್ದಿರುತ್ತೆ, ವಿಪಿಎನ್ ಆ ಫೈಲನ್ನ ಮುಟ್ಟೋದಿಲ್ಲ, ಹಾಗೇ ಹೊತ್ಕೊಂಡು ಹೋಗಿ ಆ ಕಡೆ ಇಳಿಸುತ್ತೆ ಅಷ್ಟೇ. ಕೆಲವು ಆಪ್‌ಗಳು ಫೋಟೋ ಕಳಿಸುವಾಗ ಅದನ್ನ ತೆಗೆದು ಹಾಕ್ತವೆ ನಿಜ, ಆದ್ರೆ ಅದೇ ಫೋಟೋನ ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಪೂರ್ತಿ ಉಳಿದಿರುತ್ತೆ. ಕ್ಯಾಮೆರಾ ಸೆಟ್ಟಿಂಗಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿ, ಹಳೇ ಫೋಟೋ ಆದ್ರೆ ಗ್ಯಾಲರಿಯಲ್ಲಿ ಡೀಟೇಲ್ಸ್ ತೆಗೆದು ನೋಡಿ, ಮ್ಯಾಪ್ ಕಾಣಿಸ್ತಿದ್ರೆ ಇನ್ನೂ ಇದೆ ಅಂತ ಅರ್ಥ.

ಮೇಲೆ ಒಬ್ರು «ವಿಪಿಎನ್ ಹಾಕಿದ್ರೆ ನೀವು ಯಾರು ಅಂತಾನೇ ಗೊತ್ತಾಗಲ್ಲ» ಅಂದಿದ್ದಾರೆ. ಸರ್, ಮೇಡಂ ತಮ್ಮ ಅಕೌಂಟಲ್ಲಿ ಲಾಗಿನ್ ಆಗೇ ಅಪ್ಲೋಡ್ ಮಾಡೋದು, ಹಾಗಿದ್ಮೇಲೆ ಆ ಸೈಟಿಗೆ ಅವರು ಯಾರು ಅಂತ ಗೊತ್ತೇ ಇದೆಯಲ್ಲ. ಜಿಪಿಎಸ್ ಪರ್ಮಿಶನ್ ಕೊಟ್ಟಿರೋ ಆಪ್‌ಗೆ ನಿಂತ ಜಾಗ ಗೊತ್ತು, ಸಿಮ್ ಕಂಪನಿಗೆ ಯಾವ ಟವರ್ ಹತ್ರ ಇದ್ದಾರೆ ಅಂತ ಗೊತ್ತು. ಬದಲಾಗೋದು ಒಂದೇ, ಸೈಟಿಗೆ ಕಾಣೋ ಐಪಿ ಲಾಡ್ಜ್‌ದು ಆಗೋ ಬದ್ಲು ಸರ್ವರ್‌ದಾಗುತ್ತೆ.

ಇನ್ನೊಬ್ರು «https ಬಂದ್ಮೇಲೆ ವಿಪಿಎನ್ ವೇಸ್ಟ್» ಅಂದ್ರು, ಅದು ಅರ್ಧ ಸರಿ. ಪಾಸ್‌ವರ್ಡು, ಮೆಸೇಜು, ಫೋಟೋ ಇವೆಲ್ಲಾ ಆಗ್ಲೇ ಬೀಗ ಹಾಕ್ಕೊಂಡೇ ಹೋಗ್ತವೆ, ಲಾಡ್ಜ್ ವೈಫೈ ನಡೆಸೋನು ಅದನ್ನ ಓದೋಕಾಗಲ್ಲ. ಆದ್ರೆ ನೀವು ಯಾವ್ಯಾವ ಸೈಟಿಗೆ ಹೋದ್ರಿ ಅನ್ನೋ ಹೆಸರು ಸಾಮಾನ್ಯವಾಗಿ ಅವನಿಗೆ ಕಾಣುತ್ತೆ, ಸೈಟಿನ ಹೆಸರಿಗೆ ಐಪಿ ಹುಡುಕಿ ಕೊಡೋ ಡಿಎನ್‌ಎಸ್ ಉತ್ತರ ಅವನ ರೂಟರಿಂದ ಬರ್ತಿದ್ರೆ ತಪ್ಪು ಉತ್ತರ ಕೊಟ್ಟು ಬೇರೆ ಕಡೆ ಕಳಿಸೋಕೂ ಟ್ರೈ ಮಾಡ್ಬಹುದು. ವಿಪಿಎನ್ ಹಾಕಿದ್ರೆ ಅವನಿಗೆ ಕಾಣೋದು ಒಂದೇ ಸರ್ವರ್ ಜೊತೆ ಎಷ್ಟು ಹೊತ್ತು ಎಷ್ಟು ಡೇಟಾ ಓಡಾಡ್ತು ಅಂತ ಮಾತ್ರ. ಆ ಹೆಸರಿನ ಪಟ್ಟಿ ಈಗ ಸರ್ವರ್ ನಡೆಸೋರಿಗೆ ಕಾಣುತ್ತೆ, ಅಂದ್ರೆ ನಿಮ್ಮ ಫ್ರೆಂಡ್‌ಗೆ. ಅವರ ಮೇಲೆ ಲಾಡ್ಜಿನೋನಿಗಿಂತ ನಂಬಿಕೆ ಜಾಸ್ತಿ ಇದ್ರೆ ಹಾಕ್ಕೊಳ್ಳಿ. ಫ್ರೀ ಆಪ್ ವಿಷ್ಯದಲ್ಲೂ ನಾನು ಕೇಳೋದು ಇದೇ ಪ್ರಶ್ನೆ, ಹೆಚ್ಚಿನವಕ್ಕೆ ನನ್ನ ಉತ್ತರ ಬೇಡ ಅಂತಾನೇ.

ಸರಿ, ಹಾಕೋದು ಹೇಗೆ ಅಂದ್ರೆ, ವೈರ್‌ಗಾರ್ಡ್ ಆಪ್ ಇನ್‌ಸ್ಟಾಲ್ ಮಾಡಿ, ಕೆಳಗಿರೋ ಪ್ಲಸ್ ಒತ್ತಿ, ಫೈಲ್ ಇದ್ರೆ ಫೈಲ್, ಕ್ಯೂಆರ್ ಕೊಟ್ಟಿದ್ರೆ ಸ್ಕ್ಯಾನ್. ಒಳಗಡೆ ಹೆಚ್ಚುಕಮ್ಮಿ ಹೀಗಿರುತ್ತೆ:

```
[Interface]
PrivateKey = ...
Address = 10.8.0.2/32
DNS = 10.8.0.1

[Peer]
PublicKey = ...
Endpoint = ...:51820
AllowedIPs = 0.0.0.0/0, ::/0
PersistentKeepalive = 25
```

ಇದ್ರಲ್ಲಿ `AllowedIPs` ಸಾಲು ನೋಡ್ಕೊಳ್ಳಿ, `::/0` ಬಿಟ್ಟು ಹೋಗಿದ್ರೆ ಐಪಿವಿ6 ಟ್ರಾಫಿಕ್ಕು ಟನಲ್, ಅಂದ್ರೆ ಈ ವಿಪಿಎನ್ ದಾರಿ, ಅದರ ಹೊರಗಡೆಯಿಂದ ಹೋಗ್ಬಿಡೋ ಚಾನ್ಸ್ ಇದೆ. ಇನ್ನೊಂದು, ವೈರ್‌ಗಾರ್ಡಲ್ಲಿ ಸ್ವಿಚ್ ಆನ್ ಮಾಡಿದ ತಕ್ಷಣ ಮೇಲೆ ಬೀಗದ ಕೈ ಚಿಹ್ನೆ ಬಂದ್ಬಿಡುತ್ತೆ, ಕೀ ತಪ್ಪಿದ್ರೂ ಸರ್ವರ್ ಆಫ್ ಆಗಿದ್ರೂ ಬರುತ್ತೆ, ಅದನ್ನ ನಂಬ್ಬೇಡಿ. ಟನಲ್ ಹೆಸರು ಒತ್ತಿದ್ರೆ `Transfer` ಅಂತ ಇದೆ, ಅಲ್ಲಿ `rx` ಸೊನ್ನೆಯಲ್ಲೇ ನಿಂತು `tx` ಮಾತ್ರ ಏರ್ತಿದ್ರೆ ನೀವು ಕೂಗ್ತಿದ್ದೀರಿ ಆ ಕಡೆಯಿಂದ ಯಾರೂ ಓಗೊಡ್ತಿಲ್ಲ ಅಂತ. ಎರಡೂ ಏರಿದ್ರೆ ಬ್ರೌಸರಲ್ಲಿ ಐಪಿ ತೋರ್ಸೋ ಯಾವುದಾದ್ರೂ ಸೈಟ್ ತೆಗೆದು, ಆನ್ ಮತ್ತು ಆಫ್ ಎರಡೂ ಸಲ ನೋಡಿ. ಇಂಟರ್ನೆಟ್ ಬರುತ್ತೆ ಆದ್ರೆ ಕೆಲವು ಸೈಟ್ ಅರ್ಧಕ್ಕೇ ನಿಲ್ಲುತ್ತೆ ಅಂದ್ರೆ `[Interface]` ಕೆಳಗೆ `MTU = 1280` ಅಂತ ಒಂದು ಸಾಲು ಸೇರ್ಸಿ.

ಫೋನ್ ಸೆಟ್ಟಿಂಗ್ಸಲ್ಲಿ ವಿಪಿಎನ್ ಪಕ್ಕದ ಗೇರ್ ಒತ್ತಿದ್ರೆ `Always-on VPN` ಇದೆ, ಅದರ ಕೆಳಗೆ `Block connections without VPN`. ಮೊದಲನೇದು ಹಾಕ್ಕೊಳ್ಳಿ, ಎರಡನೇದು ಯೋಚ್ನೆ ಮಾಡಿ ಹಾಕಿ. ಲಾಡ್ಜ್ ವೈಫೈನಲ್ಲಿ ರೂಮ್ ನಂಬರ್ ಕೇಳೋ ಪೇಜ್ ಬರುತ್ತಲ್ಲ, ಬ್ಲಾಕ್ ಆನ್ ಇದ್ರೆ ಆ ಪೇಜೇ ಬರದೆ ಇರ್ಬಹುದು, ಆಗ ಆಫ್ ಮಾಡಿ ಲಾಗಿನ್ ಆಗಿ ಮತ್ತೆ ಆನ್ ಮಾಡ್ಬೇಕು. ಬ್ಯಾಂಕ್ ಆಪ್ ತೆಗೆಯಲ್ಲ ಅಂತ ಕೇಳಿದ್ರಲ್ಲ ಇನ್ನೊಬ್ಬ ಸರ್, ಇದು ಆ ಪ್ರಶ್ನೆ ಅಲ್ಲ ಆದ್ರೂ ಹೇಳ್ತೀನಿ, ಟನಲ್ ಎಡಿಟ್ ಮಾಡೋ ಕಡೆ `All Applications` ಒತ್ತಿ ಆ ಆಪ್‌ನ ಹೊರಗಿಡಬಹುದು, ಆದ್ರೆ ಬ್ಲಾಕ್ ಆನ್ ಇದ್ರೆ ಹೊರಗಿಟ್ಟ ಆಪ್‌ಗೆ ನೆಟ್ಟೇ ಸಿಗಲ್ಲ. ಮತ್ತೆ ಮೇಡಂ, ಫೋನಿಂದ ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್ ಕೊಟ್ರೆ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಟ್ರಾಫಿಕ್ ಫೋನಿನ ವಿಪಿಎನ್ ಒಳಗೆ ಹೋಗಲ್ಲ, ದೊಡ್ಡ ಫೈಲ್‌ಗಳು ಅಲ್ಲಿಂದ ಹೋಗೋದಾದ್ರೆ ಲ್ಯಾಪ್‌ಟಾಪಲ್ಲೂ ಬೇರೆ ಹಾಕ್ಬೇಕು.

ಈಗ ಬ್ಯಾಟರಿ. ಎನ್‌ಕ್ರಿಪ್ಷನ್ ಲೆಕ್ಕ ಮಾಡೋಕೆ ಪ್ರೊಸೆಸರ್ ತಿನ್ನುತ್ತೆ ಅಂತ ಎಲ್ರೂ ಹೇಳ್ತಾರೆ, ಈಗಿನ ಫೋನಲ್ಲಿ ಅದು ಸಣ್ಣದು. ಅಪ್ಲೋಡ್ ಮಾಡೋವಾಗ ಸ್ವಲ್ಪ ಬಿಸಿ ಆಗುತ್ತೆ, ಅಷ್ಟೇ. ರಾತ್ರಿ ತಿನ್ನೋದು ಆ ಕೊನೇ ಸಾಲು, `PersistentKeepalive = 25`. ಸುಮ್ನಿದ್ರೂ ಪ್ರತಿ 25 ಸೆಕೆಂಡಿಗೆ ಒಂದು ಪ್ಯಾಕೆಟ್ ಕಳಿಸು ಅಂತ ಅದರ ಅರ್ಥ, 8 ಗಂಟೆಗೆ ಲೆಕ್ಕ ಹಾಕಿದ್ರೆ 1152 ಸಲ. ಪ್ಯಾಕೆಟ್ ಚಿಕ್ಕದೇ, ಆದ್ರೆ ಮೊಬೈಲ್ ಡೇಟಾದಲ್ಲಿ ಒಂದು ಸಲ ರೇಡಿಯೋ ಎದ್ರೆ ತಕ್ಷಣ ಮಲಗಲ್ಲ, ನೆಟ್‌ವರ್ಕ್ ಇನ್ನೇನಾದ್ರೂ ಬರುತ್ತಾ ಅಂತ ಕೆಲವು ಸೆಕೆಂಡ್ ಎಚ್ಚರ ಇಟ್ಕೊಂಡಿರುತ್ತೆ, ಹತ್ತು ಸೆಕೆಂಡ್ ಅಂತ ಹಿಡಿದ್ರೂ ರಾತ್ರಿಯ 40% ಹೊತ್ತು ರೇಡಿಯೋ ಎದ್ದೇ ಇರುತ್ತೆ. ವೈಫೈನಲ್ಲಿ ಇದರ ಖರ್ಚು ತುಂಬಾ ಕಮ್ಮಿ. ಸಿಗ್ನಲ್ ಒಂದೇ ಕಡ್ಡಿ ಇರೋ ಕಾಡಂಚಲ್ಲಿ ಮೊಬೈಲ್ ಡೇಟಾ ಮೇಲೆ ಹೀಗೆ ಬಿಟ್ರೆ ಅದೇ ಕೆಟ್ಟದು.

ಆ ಸಾಲು ಅಳಿಸ್ಬಿಡಿ. ಅದಿಲ್ದಿದ್ರೆ ಡೇಟಾ ಇಲ್ದಾಗ ವೈರ್‌ಗಾರ್ಡ್ ಸುಮ್ನೆ ಕೂತಿರುತ್ತೆ. ಇದರಿಂದ ಆಗ್ಬಹುದಾದ ತೊಂದ್ರೆ ಅಂದ್ರೆ ಕೆಲವು ನೆಟ್‌ವರ್ಕಲ್ಲಿ ಮೆಸೇಜ್ ನೋಟಿಫಿಕೇಶನ್ ತಡವಾಗಿ ಬರುತ್ತೆ, ಯಾಕಂದ್ರೆ ನಡುವಿನ ರೂಟರ್ ನಿಮ್ಮ ದಾರಿ ಮರೆತಿರುತ್ತೆ, ನಿಮ್ಮ ಫೋನೇ ಮತ್ತೆ ಏನಾದ್ರೂ ಕಳಿಸೋ ತನಕ ಸರ್ವರ್‌ಗೆ ನಿಮ್ಮನ್ನ ತಲುಪೋಕಾಗಲ್ಲ. ಅದು ಬೇಜಾರಾದ್ರೆ 25ರ ಬದ್ಲು 120 ಹಾಕಿ ನೋಡಿ, ಸಾಕಾಗುತ್ತಾ ಇಲ್ವಾ ಅನ್ನೋದು ನೆಟ್‌ವರ್ಕ್ ಮೇಲೆ ಹೋಗುತ್ತೆ, ಇಲ್ಲಿ ಕೂತು ಹೇಳೋಕಾಗಲ್ಲ.

ಬ್ಯಾಟರಿ ಪೇಜಲ್ಲಿ ವಿಪಿಎನ್ ಆಪ್ ಮೇಲೆ ದೊಡ್ಡ ಪರ್ಸೆಂಟ್ ಕಂಡ್ರೆ ಗಾಬರಿ ಬೇಡ, ಎಲ್ಲಾ ಆಪ್‌ಗಳ ಡೇಟಾನೂ ಅದರ ಮೂಲಕ ಹೋಗೋದ್ರಿಂದ ಬೇರೆಯವರ ಖರ್ಚೂ ಅದರ ತಲೆಗೇ ಬರ್ಬಹುದು. ಸರಿಯಾಗಿ ಅಳೀಬೇಕು ಅಂದ್ರೆ ಅದೇ ರೂಮು, ಅದೇ ಮೊಬೈಲ್ ಡೇಟಾ, ಮಲಗುವಾಗ ಎಷ್ಟಿತ್ತು ಎದ್ದಾಗ ಎಷ್ಟಿದೆ ಅಂತ ಬರ್ಕೊಳ್ಳಿ, ಒಂದು ರಾತ್ರಿ ವಿಪಿಎನ್ ಆಫ್, ಒಂದು ರಾತ್ರಿ ಸಾಲು ಇದ್ದು, ಒಂದು ರಾತ್ರಿ ಸಾಲು ತೆಗೆದು. ಮೂರು ನಂಬರೂ ಇಲ್ಲಿ ಹಾಕಿ, ಫೋನ್ ಮಾಡೆಲ್ ಜೊತೆ, ಕೆಲವು ಫೋನ್‌ಗಳು ಬ್ಯಾಟರಿ ಉಳಿಸೋಕೆ ಅಂತ ವಿಪಿಎನ್ ಆಪನ್ನೇ ರಾತ್ರಿ ಮುಚ್ಚಿ ಹಾಕ್ತವೆ, ಹಾಗಾದ್ರೆ ನಂಬರ್ ಚೆನ್ನಾಗಿ ಕಂಡ್ರೂ ಟನಲ್ಲೇ ಇರಲ್ಲ, ಬೆಳಿಗ್ಗೆ ಎದ್ದ ತಕ್ಷಣ ಬೀಗದ ಕೈ ಚಿಹ್ನೆ ಇದ್ಯಾ ಅಂತಾನೂ ನೋಡ್ಬಿಡಿ.