ಬೈತಲೆ ಅಗಲವಾಗ್ತಿದೆ, ನೆತ್ತಿ ಉರಿಯುತ್ತೆ: ಬಯಾಪ್ಸಿ ಬೇಕಾ?

ಪ್ರಶ್ನೆ: ನನಗೆ 38 ವರ್ಷ. ಎರಡು ವರ್ಷದಿಂದ ಬೈತಲೆ ಅಗಲವಾಗುತ್ತಿದೆ. ನೆತ್ತಿಯ ಒಂದು ಕಡೆ ಉರಿ, ತುರಿಕೆಯೂ ಇದೆ. ಚರ್ಮದ ಡಾಕ್ಟರು ಟ್ರೈಕೋಸ್ಕೋಪಿ ಮಾಡೋಣ, ಬೇಕಾದರೆ ಬಯಾಪ್ಸಿ ಅಂದಿದ್ದಾರೆ. ಎರಡೂ ಯಾಕೆ? ಆ ಜಾಗದಲ್ಲಿ ಮತ್ತೆ ಕೂದಲು ಬರುತ್ತಾ? ಎಣ್ಣೆ ಹಚ್ಚಿಕೊಂಡು ಹೋಗಬಹುದಾ?

ಉತ್ತರ: ಟ್ರೈಕೋಸ್ಕೋಪಿಯಲ್ಲಿ ಸೂಜಿ ಇಲ್ಲ, ನೋವೂ ಇಲ್ಲ. ಲೈಟ್ ಇರುವ ಲೆನ್ಸನ್ನು ನೆತ್ತಿಗೆ ಹಿಡಿದು, ಕನಿಷ್ಠ ಹತ್ತು ಪಟ್ಟು ದೊಡ್ಡದಾಗಿ ನೋಡುತ್ತಾರೆ. ವಂಶದಿಂದ ಬರುವ ಕೂದಲು ತೆಳುವಾಗುವಿಕೆ ಆಗಿದ್ದರೆ, ದಪ್ಪ ಕೂದಲಿನ ಪಕ್ಕದಲ್ಲೇ ಸಣಕಲು ಕೂದಲು ಕಾಣುತ್ತದೆ. ಎರಡು ಮೂರು ಕೂದಲು ಒಟ್ಟಿಗೆ ಬರಬೇಕಾದ ಕಡೆ ಒಂದೇ ಇರುತ್ತದೆ. ಆದರೆ ಕೂದಲು ಹುಟ್ಟುವ ರಂಧ್ರಗಳು ಉಳಿದಿರುತ್ತವೆ.

ನೀವು ಉರಿ ಅಂದಿದ್ದೇ ನನಗೆ ಮುಖ್ಯ. ಬರೀ ತೆಳುವಾಗುವಿಕೆಯಲ್ಲಿ ಅಷ್ಟು ಉರಿ ಇರುವುದು ಕಡಿಮೆ. ಕೂದಲ ಬುಡದ ಸುತ್ತ ಬಿಳಿ ಹೊಟ್ಟು ಕವಚದ ಹಾಗೆ ಕೂತಿದ್ದರೆ, ಅಲ್ಲಲ್ಲಿ ರಂಧ್ರವೇ ಇಲ್ಲದೆ ಚರ್ಮ ನುಣುಪಾಗಿದ್ದರೆ, ಲೈಕನ್ ಪ್ಲಾನೊಪೈಲಾರಿಸ್‌ನಂಥ ಕಾಯಿಲೆಯ ಅನುಮಾನ ಬರುತ್ತದೆ. ಇದರಲ್ಲಿ ಬೇರು ಸತ್ತು ಕಲೆಯಾಗುತ್ತದೆ. ಹೋದ ಕೂದಲು ಮತ್ತೆ ಬರುವುದಿಲ್ಲ. ಚಿಕಿತ್ಸೆ ಕೊಡುವುದು ಮುಖ್ಯವಾಗಿ ಉಳಿದದ್ದನ್ನು ಉಳಿಸಿಕೊಳ್ಳೋಕೆ. ಹಾಗಾಗಿ ಅನುಮಾನವಿದ್ದಾಗ ಬಯಾಪ್ಸಿ ಮುಂದೂಡಬೇಡಿ. ಬಯಾಪ್ಸಿ ಅಂದ ಕೂಡಲೇ ಕ್ಯಾನ್ಸರ್ ಅಂದುಕೊಳ್ಳುವುದೂ ಬೇಡ.

ಬಯಾಪ್ಸಿಯಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನೆತ್ತಿಯ ಚರ್ಮದಿಂದ ಸಾಮಾನ್ಯವಾಗಿ 4 ಮಿಲಿಮೀಟರ್ ಅಗಲದ ತುಂಡನ್ನು ಕೊಬ್ಬಿನ ಪದರದವರೆಗೆ ತೆಗೆಯುತ್ತಾರೆ. ಬೇರು ಇರುವುದೇ ಅಲ್ಲಿ. ಪೂರ್ತಿ ನುಣುಪಾದ ಜಾಗದಿಂದ ತೆಗೆದರೆ ರಿಪೋರ್ಟಿನಲ್ಲಿ 'ಕಲೆ' ಅಂತ ಮಾತ್ರ ಬರುತ್ತದೆ, ಕಾರಣ ತಿಳಿಯುವುದಿಲ್ಲ. ಅದಕ್ಕೇ ಕೆಂಪು, ಹೊಟ್ಟು ಇದ್ದು ಕೂದಲು ಇನ್ನೂ ಉಳಿದಿರುವ ಅಂಚನ್ನು ಲೆನ್ಸಿನಲ್ಲಿ ಹುಡುಕಿ ಗುರುತು ಹಾಕುತ್ತಾರೆ. ಎರಡು ತುಂಡು ತೆಗೆದರೆ ಗಾಬರಿ ಬೇಡ. ಒಂದನ್ನು ಅಡ್ಡವಾಗಿ ಕೊಯ್ದು ದಪ್ಪ, ಸಣ್ಣ ಕೂದಲು ಎಣಿಸುತ್ತಾರೆ. ಇನ್ನೊಂದನ್ನು ಉದ್ದಕ್ಕೆ ಕೊಯ್ದು ಉರಿಯೂತ ಎಲ್ಲಿದೆ ಅಂತ ನೋಡುತ್ತಾರೆ. ಹೊಲಿಗೆ ಬಿಚ್ಚುವುದು ಹೆಚ್ಚುಕಮ್ಮಿ 7ರಿಂದ 10 ದಿನಕ್ಕೆ. ತುಂಡು ತೆಗೆದ ಚುಕ್ಕೆಯಲ್ಲಿ ಕೂದಲು ಬರುವುದಿಲ್ಲ, ಆದರೆ ಸುತ್ತಲಿನ ಕೂದಲು ಅದನ್ನು ಮುಚ್ಚುತ್ತದೆ.

ಎಣ್ಣೆ ಖಂಡಿತ ಬೇಡ. ಕೊಬ್ಬರಿ ಎಣ್ಣೆ ಹಚ್ಚಿದರೆ ನಾವು ಹುಡುಕುವ ಬಿಳಿ ಹೊಟ್ಟೇ ನೆನೆದು ಮರೆಯಾಗುತ್ತದೆ. ಹಿಂದಿನ ದಿನ ಶಾಂಪೂ ಹಾಕಿ ತೊಳೆಯಿರಿ, ಆ ದಿನ ಬೆಳಿಗ್ಗೆ ತಲೆಸ್ನಾನ ಬೇಡ. ಡಾಕ್ಟರು ಕೂದಲ ಕುಚ್ಚು ಹಿಡಿದು ಮೆಲ್ಲಗೆ ಎಳೆದು ನೋಡುತ್ತಾರೆ, ಸಡಿಲ ಕೂದಲೆಲ್ಲ ಬಚ್ಚಲಲ್ಲೇ ಹೋಗಿದ್ದರೆ ಲೆಕ್ಕ ತಪ್ಪುತ್ತದೆ. ಬೈತಲೆಗೆ ಕುಂಕುಮ ಇಡುವವರು ಅವತ್ತೊಂದು ದಿನ ಬಿಡಿ. ಅದರ ಬಣ್ಣ ರಂಧ್ರದಲ್ಲಿ ಕೂತು ಕಾಯಿಲೆಯ ಚುಕ್ಕೆಯಂತೆ ಕಾಣಬಹುದು. ಹೇರ್ ಡೈಗೂ ಇದೇ ಮಾತು, ಅದನ್ನು ಒಂದು ವಾರ ಮೊದಲೇ ನಿಲ್ಲಿಸಿದರೆ ಒಳ್ಳೆಯದು.

ಉಪವಾಸ ಬೇಕಿಲ್ಲ, ತಿಂಡಿ ತಿಂದು ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮೆಡಿಕಲ್‌ನಿಂದ ತಂದ ಸ್ಟೀರಾಯ್ಡ್ ಲೋಷನ್ ಹಚ್ಚಿದ್ದರೆ ಅದನ್ನೂ ಮುಚ್ಚಿಡಬೇಡಿ. ಉರಿಯೂತ ತಾತ್ಕಾಲಿಕವಾಗಿ ಅಡಗಿದ್ದರೆ ತುಂಡಿನಲ್ಲಿ ಏನೂ ಕಾಣದೆ, ಎಲ್ಲ ಸರಿ ಇದೆ ಅನ್ನುವ ರಿಪೋರ್ಟ್ ಬರಬಹುದು.